ಸದ್ದೇ ಇಲ್ಲದ ಅನಿಮೇಷನ್‌ಗೆ ಸದ್ದು ಕೊಡುವುದು ಹೇಗೆ: 38 ಸೆಕೆಂಡಿನ ಒಂದು ದೃಶ್ಯ, ಮೊದಲಿಂದ ಕೊನೆಯವರೆಗೆ

"ಅನಿಮೇಷನ್ ಮುಗಿದಿದೆ, ಮ್ಯೂಸಿಕ್ ಕೂಡ ಹಾಕಿದ್ದೀನಿ, ಆದರೂ ಏನೋ ಖಾಲಿ ಖಾಲಿ ಅನಿಸುತ್ತೆ, ಯಾಕೆ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಬಿಡಿ ಬಿಡಿಯಾಗಿ ಉತ್ತರ ಬರೆಯುವ ಬದಲು ಈ ಸಲ ಒಂದೇ ಕಡೆ ಪೂರ್ತಿ ಬರೆಯುತ್ತಿದ್ದೇನೆ.

ಕಾರಣ ಸರಳ. ಕ್ಯಾಮೆರಾದಲ್ಲಿ ತೆಗೆದ ಸಿನಿಮಾಗೆ ಶೂಟಿಂಗ್ ಜಾಗದ ಸದ್ದು ಸ್ವಲ್ಪವಾದರೂ ಅಂಟಿಕೊಂಡಿರುತ್ತದೆ. ಕೆಟ್ಟದಾಗಿದ್ದರೂ ಅದು ಒಂದು ಆಧಾರ. ಅನಿಮೇಷನ್‌ನಲ್ಲಿ ಅದೂ ಇಲ್ಲ. ಫೈಲ್ ಒಳಗೆ ಇರುವುದು ಬರೀ ಸೊನ್ನೆ. ಆ ಸೊನ್ನೆ ನಿಜವಾದ ಮೌನದ ಹಾಗೆ ಕೇಳಿಸುವುದಿಲ್ಲ, ಸ್ಪೀಕರ್ ಕೆಟ್ಟಿದೆಯೇನೋ ಅನ್ನುವ ಹಾಗೆ ಕೇಳಿಸುತ್ತದೆ. ಇನ್ನೊಂದು ತೊಂದರೆಯೂ ಇದೆ. ಬರೆದ ಪಾತ್ರಕ್ಕೆ ತೂಕ ಇರುವುದಿಲ್ಲ. ಅಜ್ಜಿ ನಡೆದರೂ ನೆಲದ ಮೇಲೆ ತೇಲಿದ ಹಾಗೆ ಕಾಣುತ್ತಾಳೆ. ಅವಳನ್ನು ನೆಲಕ್ಕೆ ಇಳಿಸುವ ಕೆಲಸ ಸದ್ದಿನದು.

ಎರಡು ಪದ ಮೊದಲೇ ಹೇಳಿಬಿಡುತ್ತೇನೆ. ಫೋಲಿ ಅಂದರೆ ಚಿತ್ರವನ್ನು ನೋಡುತ್ತಾ, ಅದರ ಚಲನೆಗೆ ಸರಿಯಾಗಿ ನಾವೇ ಮಾಡಿ ರೆಕಾರ್ಡ್ ಮಾಡುವ ಸದ್ದು: ಹೆಜ್ಜೆ, ಬಟ್ಟೆ, ಕೈಗೆ ಸಿಗುವ ವಸ್ತುಗಳು. ಈ ಹೆಸರು ಬಂದಿದ್ದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜ್ಯಾಕ್ ಫೋಲಿಯಿಂದ. 1929ರಲ್ಲಿ 'ಶೋ ಬೋಟ್' ಅನ್ನುವ ಮೂಕಿ ಚಿತ್ರಕ್ಕೆ ಆಮೇಲೆ ಸದ್ದು ಸೇರಿಸಬೇಕಾಗಿ ಬಂದಾಗ ಆ ಕೆಲಸ ಮಾಡಿದ ತಂಡದಲ್ಲಿ ಅವರಿದ್ದರು. ಅಂದರೆ ಅವರ ಮುಂದಿದ್ದ ಸಮಸ್ಯೆ ಹೆಚ್ಚು ಕಡಿಮೆ ನಮ್ಮದೇ. ಇನ್ನು ಆಂಬಿಯನ್ಸ್ ಅಂದರೆ ಆ ಜಾಗದ ಸದ್ದು. ಯಾರೂ ಏನೂ ಮಾಡದಿದ್ದರೂ ಅಲ್ಲಿ ಕೇಳುತ್ತಲೇ ಇರುವುದು: ಕೀಟ, ಗಾಳಿ, ದೂರದ ರಸ್ತೆ, ಕೋಣೆಯ ಒಂದು ಸಣ್ಣ ಗುಂಯ್.

ಉದಾಹರಣೆಗೆ ಒಂದು ದೃಶ್ಯ ಇಟ್ಟುಕೊಳ್ಳೋಣ. ಮಲೆನಾಡಿನ ಹೆಂಚಿನ ಮನೆ, ರಾತ್ರಿ, ಮಳೆ ಈಗಷ್ಟೇ ನಿಂತಿದೆ. ಮೊದಲ ಶಾಟ್ 8 ಸೆಕೆಂಡ್, ಮನೆ ಹೊರಗಿನಿಂದ ಕಾಣುತ್ತದೆ. ಎರಡನೇ ಶಾಟ್ 20 ಸೆಕೆಂಡ್: ಒಳಗೆ ಅಜ್ಜಿ ಬಾಗಿಲು ತೆರೆದು, ಬರಿಗಾಲಲ್ಲಿ ಕಾವಿ ನೆಲದ ಮೇಲೆ 9 ಹೆಜ್ಜೆ ನಡೆದು, ಗೂಡಿನಿಂದ ಹಿತ್ತಾಳೆ ಚೊಂಬು ತೆಗೆದುಕೊಳ್ಳುತ್ತಾಳೆ. ಅಷ್ಟರಲ್ಲಿ ಅಟ್ಟದಿಂದ ಬೆಕ್ಕು ಧುಮುಕುತ್ತದೆ. ಮೂರನೇ ಶಾಟ್ 10 ಸೆಕೆಂಡ್, ನೆಲದ ಕ್ಲೋಸಪ್: ಚೊಂಬು ಬಿದ್ದು, ಪುಟಿದು, ಉರುಳಿ ನಿಲ್ಲುತ್ತದೆ. ಒಟ್ಟು 38 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಅಂದರೆ 912 ಫ್ರೇಮ್. ಮಾತಿಲ್ಲ.

ಬೇಕಾಗುವ ಸಾಮಾನು

ಒಂದು ಕೈ ರೆಕಾರ್ಡರ್ ಅಥವಾ ಕಂಪ್ಯೂಟರಿಗೆ ಜೋಡಿಸಿದ ಮೈಕ್. ಫೋನೂ ನಡೆಯುತ್ತದೆ, ಆದರೆ ಒಂದು ಎಚ್ಚರಿಕೆ: ಸುಮಾರು ಫೋನುಗಳ ರೆಕಾರ್ಡಿಂಗ್ ಆ್ಯಪ್ ಮಾತಿಗಾಗಿ ಮಾಡಿದ್ದು. ಮಾತಲ್ಲದ್ದನ್ನೆಲ್ಲ ಗಲಾಟೆ ಅಂದುಕೊಂಡು ಅದೇ ಅಳಿಸಿಬಿಡುತ್ತದೆ, ಅಥವಾ ಸಣ್ಣ ಸದ್ದನ್ನು ತಾನೇ ಏರಿಸಿ ದೊಡ್ಡದನ್ನು ಇಳಿಸುತ್ತದೆ. ಪರೀಕ್ಷೆ ಮಾಡುವುದು ಸುಲಭ. ಫೋನ್ ಮುಂದೆ ಬಟ್ಟೆ ಉಜ್ಜಿ 20 ಸೆಕೆಂಡ್ ರೆಕಾರ್ಡ್ ಮಾಡಿ. ಶುರುವಿನಲ್ಲಿ ಕೇಳಿಸಿ ಆಮೇಲೆ ಮಂಕಾದರೆ ಆ ಆ್ಯಪ್ ಬೇಡ. ಸದ್ದನ್ನು ತಿದ್ದದೆ ವೇವ್ ಫೈಲ್ ಆಗಿ ಉಳಿಸುವ ಬೇರೆ ಆ್ಯಪ್ ಹುಡುಕಿ.

ಹೆಡ್‌ಫೋನ್ ವೈರ್ ಇರುವುದೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವಷ್ಟರಲ್ಲಿ ಎಷ್ಟೋ ಫ್ರೇಮ್ ಕಳೆದಿರುತ್ತದೆ. ಅದನ್ನು ನಂಬಿ ಹೆಜ್ಜೆ ಕೂಡಿಸಿದವರ ಫೈಲ್‌ನಲ್ಲಿ ಎಲ್ಲ ಹೆಜ್ಜೆಯೂ ಒಂದೇ ಅಳತೆಯಷ್ಟು ಮುಂಚೆ ಬಿದ್ದಿರುತ್ತದೆ. ಎಡಿಟ್ ಮಾಡಲು ರೀಪರ್, ಡಾವಿಂಚಿ ರಿಸಾಲ್ವ್, ನಿಮಗೆ ಯಾವುದು ಅಭ್ಯಾಸವೋ ಅದು. ವಿಡಿಯೋ ಕಾಣಿಸಬೇಕು, ಹಲವು ಟ್ರ್ಯಾಕ್ ಇರಬೇಕು, ಅಷ್ಟೇ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್.

ಜಾಗ? ಹಾಸಿಗೆ, ಬಟ್ಟೆ, ಪುಸ್ತಕ ತುಂಬಿದ ಕೋಣೆ ಒಳ್ಳೆಯದು. ಖಾಲಿ ಕೋಣೆ ಬೇಡ. ಫ್ಯಾನ್ ನಿಲ್ಲಿಸಿ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ (ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್ ಎಷ್ಟೋ ಸಲ ಅಲ್ಲಿಂದಲೇ ಬರುವುದು), ಫ್ರಿಜ್ ಆಫ್ ಮಾಡಿ. ಫ್ರಿಜ್ ಆಫ್ ಮಾಡುವಾಗ ಗಾಡಿ ಕೀ ಅದರೊಳಗೆ ಇಡಿ. ಮರೆತು ಹಾಲು ಮೊಸರೆಲ್ಲ ಕೆಡಿಸಿಕೊಂಡವರು ಕಲಿತ ಉಪಾಯ ಇದು, ನಾನೂ ಅವರಲ್ಲಿ ಒಬ್ಬ.

1. ಚಿತ್ರ ಲಾಕ್ ಮಾಡಿ

ಲಾಕ್ ಅಂದರೆ ಇನ್ನು ಮುಂದೆ ಒಂದು ಫ್ರೇಮೂ ಅತ್ತಿತ್ತ ಆಗುವುದಿಲ್ಲ ಅನ್ನುವ ಒಪ್ಪಂದ. ಒಬ್ಬರೇ ಕೆಲಸ ಮಾಡುತ್ತಿದ್ದರೆ ಈ ಒಪ್ಪಂದ ನಿಮ್ಮ ಜೊತೆ ನೀವೇ ಮಾಡಿಕೊಳ್ಳಬೇಕು, ಅದೇ ಕಷ್ಟ. ಹೆಜ್ಜೆ ಎಲ್ಲ ಕೂಡಿಸಿದ ಮೇಲೆ ಎರಡನೇ ಶಾಟ್‌ನಲ್ಲಿ 6 ಫ್ರೇಮ್ ಕತ್ತರಿಸಿದರೆ ಅದರ ನಂತರದ್ದೆಲ್ಲ ಜಾರುತ್ತದೆ.

ಎಕ್ಸ್‌ಪೋರ್ಟ್ ಮಾಡುವಾಗ ಫ್ರೇಮ್ ನಂಬರ್ ಚಿತ್ರದ ಮೇಲೆ ಕಾಣುವ ಹಾಗೆ ಮಾಡಿ. ಹೆಚ್ಚಿನ ಅನಿಮೇಷನ್ ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆ ಆಯ್ಕೆ ಇರುತ್ತದೆ. ಆಮೇಲೆ ಫೈಲನ್ನು ಎಡಿಟಿಂಗ್‌ಗೆ ಹಗುರ ಮಾಡಿಕೊಳ್ಳಿ. ಮಾಮೂಲಿ ಎಂಪಿ4ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಇರುವುದಿಲ್ಲ, ಹಾಗಾಗಿ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಸುವಾಗ ತಡವರಿಸುತ್ತದೆ. ffmpeg ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಟರ್ಮಿನಲ್‌ನಲ್ಲಿ ಈ ಕಮಾಂಡ್ ಕೊಡಿ. ಇದು ಪ್ರತಿ ಫ್ರೇಮನ್ನೂ ಪೂರ್ತಿ ಚಿತ್ರ ಮಾಡುತ್ತದೆ, ಸೆಕೆಂಡಿಗೆ ಸರಿಯಾಗಿ 24 ಫ್ರೇಮ್ ಇಡುತ್ತದೆ:

```
ffmpeg -i drishya.mp4 -r 24 -c:v libx264 -crf 20 -g 1 -an kelasa.mp4
```

ಮೂಲ ಫೈಲ್ 25ರಲ್ಲಿ ಇದ್ದರೆ 24ಕ್ಕೆ ಇಳಿಸಬೇಡಿ. ಕಮಾಂಡ್‌ನಲ್ಲೂ 25 ಅಂತ ಹಾಕಿ, ನಿಮ್ಮ ಸೌಂಡ್ ಪ್ರಾಜೆಕ್ಟ್‌ನಲ್ಲೂ 25 ಇಡಿ.

ಇನ್ನೊಂದು ಚಿಕ್ಕ ಕೆಲಸ: ಮೊದಲ ಫ್ರೇಮಿಗೆ ಸರಿಯಾಗಿ 2 ಸೆಕೆಂಡ್ ಮುಂಚೆ ಒಂದೇ ಫ್ರೇಮ್ ಉದ್ದದ ಬೀಪ್ ಹಾಕಿ, ಅದೇ ಫ್ರೇಮಿನಲ್ಲಿ ಚಿತ್ರದಲ್ಲಿ ಒಂದು ಬಿಳಿ ಚುಕ್ಕೆ ಅಥವಾ ಅಂಕೆ ಇರಲಿ. ಕೊನೆಯಲ್ಲಿ ಸದ್ದು ಮತ್ತು ಚಿತ್ರ ಬೇರೆ ಬೇರೆ ಕಂಪ್ಯೂಟರಿನಿಂದ ಬಂದು ಸೇರುವಾಗ ಇದೊಂದೇ ಸಾಕ್ಷಿ.

2. ಕೂತು ಪಟ್ಟಿ ಮಾಡಿ

ಇದಕ್ಕೆ ಸ್ಪಾಟಿಂಗ್ ಅನ್ನುತ್ತಾರೆ. ಚಿತ್ರವನ್ನು ನೋಡುತ್ತಾ ಎಲ್ಲಿ ಏನು ಕೇಳಬೇಕು ಅಂತ ಗುರುತು ಹಾಕುವುದು. ನಾನು ನಾಲ್ಕು ಭಾಗ ಮಾಡುತ್ತೇನೆ: ಜಾಗ, ಹೆಜ್ಜೆ, ಬಟ್ಟೆ, ವಸ್ತು. ನಮ್ಮ ದೃಶ್ಯದ ಪಟ್ಟಿ ಹೀಗೆ ಬಂತು. ಜಾಗ: ಹೊರಗೆ ಕೀಟ, ದೂರದ ಕಪ್ಪೆ, ಸೂರಿನಿಂದ ತೊಟ್ಟಿಕ್ಕುವ ನೀರು, ಒಳಗೆ ಅದೇ, ಆದರೆ ಕಮ್ಮಿ. ಹೆಜ್ಜೆ: ಅಜ್ಜಿಯ 9. ಬಟ್ಟೆ: ಸೀರೆ, ಪೂರ್ತಿ ಎರಡನೇ ಶಾಟ್. ವಸ್ತು: ಬಾಗಿಲು, ಚೊಂಬು ಗೂಡಿನಿಂದ ಎತ್ತುವುದು, ಬೆಕ್ಕು ಧುಮುಕುವುದು, ಚೊಂಬು ಬೀಳುವುದು.

ಅಜ್ಜಿ ಕಣ್ಣು ಮಿಟುಕಿಸುತ್ತಾಳೆ, ದೀಪದ ಕುಡಿ ಅಲುಗುತ್ತದೆ, ಹಿಂದೆ ಗೋಡೆ ಮೇಲಿನ ಕ್ಯಾಲೆಂಡರ್ ಆಡುತ್ತದೆ. ಇವಕ್ಕೆ ಸದ್ದು ಬೇಡ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ: ಅಲುಗಿದ್ದಕ್ಕೆಲ್ಲ ಒಂದೊಂದು ಸದ್ದು. ಆಗ ಕಿವಿಗೆ ಯಾವುದನ್ನು ಹಿಡಿಯಬೇಕು ಅಂತ ಗೊತ್ತಾಗುವುದಿಲ್ಲ. ಈ ದೃಶ್ಯದ ಮುಖ್ಯ ಸದ್ದು ಚೊಂಬು. ಅದಕ್ಕೆ ಮುಂಚೆ ಎಲ್ಲವೂ ಮೆತ್ತಗೆ ಇದ್ದರೆ ಮಾತ್ರ ಅದು ಬಿದ್ದಾಗ ನೋಡುವವರು ಬೆಚ್ಚುತ್ತಾರೆ.

3. ಮೊದಲು ಜಾಗ

ಹೆಜ್ಜೆಯಿಂದ ಶುರು ಮಾಡಬೇಡಿ. ಆಂಬಿಯನ್ಸ್ ಇಲ್ಲದೆ ಬರೀ ಹೆಜ್ಜೆ ಕೇಳಿದರೆ ಅದು ಜಾಸ್ತಿ ಜೋರಾಗಿದೆ ಅನಿಸುತ್ತದೆ, ನೀವು ಇಳಿಸುತ್ತೀರಿ, ಆಮೇಲೆ ಆಂಬಿಯನ್ಸ್ ಹಾಕಿದ ಮೇಲೆ ಹೆಜ್ಜೆ ಮುಳುಗುತ್ತದೆ. ಜಾಗ ಮೊದಲು ಹಾಸಿಕೊಂಡರೆ ಉಳಿದದ್ದಕ್ಕೆಲ್ಲ ಅಳತೆ ಸಿಗುತ್ತದೆ.

ಒಂದೇ ಫೈಲ್ ಎಳೆದು ಹಾಕುವ ಬದಲು ಮೂರು ಪದರ ಮಾಡಿ. ತಳದಲ್ಲಿ ದೂರದ್ದು: ಕೀಟಗಳ ಒಟ್ಟು ಸದ್ದು, ಒಂದೇ ಸಮ. ಅದರ ಮೇಲೆ ನಡುವಿನದ್ದು: ಕಪ್ಪೆ, ನಿಂತು ನಿಂತು ಬರುವುದು. ಎಲ್ಲಕ್ಕಿಂತ ಹತ್ತಿರದ್ದು: ಸೂರಿನ ಹನಿ, ಒಂದೊಂದಾಗಿ. ಹನಿಯನ್ನು ಮನೆಯಲ್ಲೇ ಮಾಡಬಹುದು. ತಟ್ಟೆಯಲ್ಲಿ ಒದ್ದೆ ಮಣ್ಣು ಹಾಕಿ ಚಮಚದಿಂದ ನೀರು ತೊಟ್ಟಿಕ್ಕಿಸಿ. ಬರೀ ತಟ್ಟೆ ಆದರೆ ಟಿಣ್ ಅನ್ನುತ್ತದೆ, ಬಚ್ಚಲಮನೆ ನೆನಪಾಗುತ್ತದೆ. ಹನಿಗಳ ನಡುವಿನ ಸಮಯ ಒಂದೇ ಇರಬಾರದು. ಒಂದೇ ಅಂತರದಲ್ಲಿ ಬಿದ್ದರೆ ಗಡಿಯಾರ ಆಗಿಬಿಡುತ್ತದೆ.

ಕೀಟ, ಕಪ್ಪೆ ನೀವೇ ರೆಕಾರ್ಡ್ ಮಾಡಲು ಸಾಧ್ಯವಿದ್ದರೆ ಕನಿಷ್ಠ 3 ನಿಮಿಷ ಮಾಡಿ, ಮೈಕ್ ಇಟ್ಟು ದೂರ ಹೋಗಿಬಿಡಿ. ಹತ್ತಿರ ನಿಂತರೆ ನಿಮ್ಮ ಉಸಿರು, ಅಂಗಿ, ಹೊಟ್ಟೆಯ ಸದ್ದು ಎಲ್ಲ ಬರುತ್ತದೆ. ಮೈಕಿಗೆ ಗಾಳಿ ತಡೆಯುವ ತುಪ್ಪಳದ ಹೊದಿಕೆ ಇಲ್ಲದಿದ್ದರೆ ಗಾಳಿ ಇಲ್ಲದ ರಾತ್ರಿ ನೋಡಿಕೊಳ್ಳಿ. ಇಂಟರ್ನೆಟ್‌ನಿಂದ ತರುವುದಾದರೆ ಎರಡು ವಿಷಯ ನೋಡಿ. ಒಂದು ಲೈಸೆನ್ಸ್: ಫ್ರೀಸೌಂಡ್ ತರಹದ ಕಡೆ ಕೆಲವು ಸದ್ದು ಯಾವ ಷರತ್ತೂ ಇಲ್ಲದೆ ಸಿಗುತ್ತವೆ, ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ದುಡ್ಡು ಬರುವ ಕೆಲಸಕ್ಕೆ ಬಳಸುವ ಹಾಗಿಲ್ಲ. ಎರಡನೆಯದು ಊರು: ರಾತ್ರಿಯ ಕಾಡು ಅಂತ ಹುಡುಕಿದರೆ ಸಿಗುವ ಎಷ್ಟೋ ಫೈಲ್ ಅಮೆರಿಕ, ಯುರೋಪಿನವು. ಮಲೆನಾಡಿನಲ್ಲಿ ಬೆಳೆದವರಿಗೆ ಆ ಕಪ್ಪೆ ನಮ್ಮದಲ್ಲ ಅಂತ ತಕ್ಷಣ ಗೊತ್ತಾಗುತ್ತದೆ, ಯಾಕೆ ಅಂತ ಹೇಳಲು ಬಾರದಿದ್ದರೂ.

ಉದ್ದ ಸಾಲದಿದ್ದರೆ ಅದನ್ನೇ ಮತ್ತೆ ಹಾಕಬೇಕಾಗುತ್ತದೆ. ಹಾಗೆ ಮಾಡುವಾಗ ಗುರುತು ಸಿಗುವ ಸದ್ದನ್ನು ಮೊದಲು ಕತ್ತರಿಸಿ. 12 ಸೆಕೆಂಡಿಗೊಮ್ಮೆ ಅದೇ ನಾಯಿ ಅದೇ ರೀತಿ ಬೊಗಳಿದರೆ ಕಳ್ಳತನ ಸಿಕ್ಕಿಬಿತ್ತು. ಎರಡು ತುದಿಗಳನ್ನು ಒಂದರ ಮೇಲೊಂದು 2 ಸೆಕೆಂಡ್ ಹಾಸಿ, ಒಂದು ಇಳಿಯುತ್ತಾ ಇನ್ನೊಂದು ಏರುವ ಹಾಗೆ ಬೆಸೆಯಿರಿ.

ಈಗ ಶಾಟ್ ಬದಲಾಗುವ ಕಡೆ. ಹೊರಗಿನಿಂದ ಒಳಗೆ ಹೋದಾಗ ಸದ್ದು ಬದಲಾಗಲೇಬೇಕು: ಅದೇ ಕೀಟದ ಟ್ರ್ಯಾಕ್ ತೆಗೆದುಕೊಂಡು 6ರಿಂದ 10 ಡೆಸಿಬೆಲ್ ಇಳಿಸಿ, ಈಕ್ವಲೈಸರ್‌ನಲ್ಲಿ ಮೇಲಿನ ಚೂಪು ಭಾಗ ಸ್ವಲ್ಪ ಕತ್ತರಿಸಿ. ಎಷ್ಟು ಅನ್ನುವುದು ಮನೆಯ ಮೇಲೆ. ಕಾಂಕ್ರೀಟ್ ಮನೆಯ ಕಿಟಕಿ ಮುಚ್ಚಿದ್ದರೆ ಜಾಸ್ತಿ ಕತ್ತರಿಸಬಹುದು. ಹೆಂಚಿನ ಮನೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಇರುತ್ತದೆ, ಹೆಂಚುಗಳ ನಡುವೆಯೂ ಗಾಳಿಯಾಡುತ್ತದೆ, ಕೀಟದ ಸದ್ದು ಒಳಗೆ ಚೆನ್ನಾಗೇ ಬರುತ್ತದೆ. ಅಲ್ಲಿ ಪೂರ್ತಿ ಮುಚ್ಚಿಬಿಟ್ಟರೆ ಅಜ್ಜಿ ಅಪಾರ್ಟ್‌ಮೆಂಟಿನಲ್ಲಿ ಇದ್ದ ಹಾಗಾಗುತ್ತದೆ. ಜೊತೆಗೆ ಒಳಗಿನ ಶಾಟ್‌ಗೆ ರೂಮ್ ಟೋನ್ ಹಾಕಿ. ರೂಮ್ ಟೋನ್ ಅಂದರೆ ಯಾರೂ ಮಾತಾಡದ ಕೋಣೆಯ ಸದ್ದು. ನಿಮ್ಮ ಮನೆಯಲ್ಲೇ ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿದರೆ ಸಾಕು.

ಆದರೆ ಎರಡನೇ ಶಾಟ್‌ನಿಂದ ಮೂರನೆಯದಕ್ಕೆ ಹೋಗುವಾಗ ಆಂಬಿಯನ್ಸ್ ಒಂಚೂರೂ ಬದಲಾಗಬಾರದು. ಅದು ಅದೇ ಕೋಣೆ, ನಾವು ಹತ್ತಿರ ಬಗ್ಗಿ ನೋಡುತ್ತಿದ್ದೇವೆ ಅಷ್ಟೇ. ಕಟ್ ಇದೆ ಅಂತ ಆಂಬಿಯನ್ಸನ್ನೂ ಕಟ್ ಮಾಡಿದರೆ ಬೇರೆ ಮನೆಗೆ ಹೋದ ಹಾಗೆ ಕೇಳುತ್ತದೆ.

4. ಹೆಜ್ಜೆ

ನಿಂತಲ್ಲೇ ನಡೆಯಬೇಕು. ಮೈಕ್ ಪಾದದ ಕಡೆ ಮುಖ ಮಾಡಿ, ಸುಮಾರು ಎರಡು ಮೂರು ಅಡಿ ದೂರದಲ್ಲಿ, ಮೊಣಕಾಲಿನ ಎತ್ತರದಲ್ಲಿ ಇರಲಿ. ಜಾಸ್ತಿ ಹತ್ತಿರ ಇಟ್ಟರೆ ಪಾದದ ಚರ್ಮ ಅಂಟಿ ಬಿಡುವ ಸಣ್ಣ ಸದ್ದೆಲ್ಲ ಬಂದು, ದೂರದಿಂದ ತೋರಿಸುವ ಶಾಟ್‌ಗೆ ಹೊಂದುವುದಿಲ್ಲ. ಲೆವೆಲ್ ಅತಿ ಜೋರಾದ ಹೆಜ್ಜೆಗೂ ಮೈನಸ್ 12 ಡೆಸಿಬೆಲ್ ಆಸುಪಾಸು ಇರುವ ಹಾಗೆ ಇಡಿ.

ಒಂದೇ ಹೆಜ್ಜೆ ರೆಕಾರ್ಡ್ ಮಾಡಿ 9 ಸಲ ಅಂಟಿಸಬೇಡಿ. ಇದು ಕಿವಿಗೆ ಕೂಡಲೇ ಗೊತ್ತಾಗುತ್ತದೆ, ಮೆಷಿನ್ ನಡೆದ ಹಾಗೆ. ಚಿತ್ರ ಓಡಿಸಿ, ನೋಡುತ್ತಾ 9 ಹೆಜ್ಜೆಯನ್ನೂ ಒಂದೇ ಸಲ ನಡೆಯಿರಿ. ಮೊದಲೆರಡು ಸಲ ತಪ್ಪುತ್ತದೆ. ಐದಾರು ಸಲ ಮಾಡಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಹೀಗೆ ಮಾಡಿದರೆ ಬಾಗಿಲ ಹತ್ತಿರದ ಮೊದಲ ಹೆಜ್ಜೆ, ನಡುವಿನ ಹೆಜ್ಜೆ, ಗೂಡಿನ ಮುಂದೆ ನಿಲ್ಲುವ ಹೆಜ್ಜೆ ತಾವಾಗೇ ಬೇರೆ ಬೇರೆ ಬರುತ್ತವೆ.

ಅಜ್ಜಿಯ ತೂಕ ಹೇಗೆ ಬರುತ್ತದೆ? ಜೋರಾಗಿ ತುಳಿದರೆ ಬರುವುದಿಲ್ಲ. ವಯಸ್ಸಾದವರು ಪಾದವನ್ನು ಪೂರ್ತಿ ಎತ್ತುವುದಿಲ್ಲ, ಸ್ವಲ್ಪ ಎಳೆದು ಇಡುತ್ತಾರೆ. ಹಾಗಾಗಿ ಪ್ರತಿ ಹೆಜ್ಜೆಯಲ್ಲಿ ಎರಡು ಸದ್ದು ಇರುತ್ತದೆ: ಮೊದಲು ಸರ್ ಅನ್ನುವ ಎಳೆತ, ಆಮೇಲೆ ಮೆತ್ತನೆಯ ತಪ್. ಆ ಎಳೆತವೇ ವಯಸ್ಸು. ಎಡಗಾಲಿಗಿಂತ ಬಲಗಾಲು ಸ್ವಲ್ಪ ಜಾಸ್ತಿ ಎಳೆದರೆ ಮಂಡಿ ನೋವೂ ಬಂತು. ನೆಲ ಮುಖ್ಯ. ಕಾವಿ ನೆಲ ನುಣುಪು, ಗಟ್ಟಿ. ನಿಮ್ಮ ಮನೆಯಲ್ಲಿ ಟೈಲ್ಸ್ ಇದ್ದರೆ ಪರವಾಗಿಲ್ಲ, ಆದರೆ ಟೈಲ್ಸ್ ಕೆಳಗೆ ಟೊಳ್ಳಾಗಿರುವ ಜಾಗ ಬೇಡ, ಗೆಣ್ಣಿನಿಂದ ಕುಟ್ಟಿ ನೋಡಿ. ಪಾದ ಪೂರ್ತಿ ಒಣಗಿದ್ದರೆ ಸದ್ದೇ ಬರುವುದಿಲ್ಲ, ಒದ್ದೆಯಾದರೆ ಚಪ್ ಚಪ್ ಅನ್ನುತ್ತದೆ. ಒದ್ದೆ ಬಟ್ಟೆಯ ಮೇಲೆ ಒಮ್ಮೆ ತುಳಿದು, ಒರೆಸಿಕೊಂಡು ನಡೆಯಿರಿ.

ಬೆಕ್ಕು ಧುಮುಕುವುದು ಇದೇ ಸಾಲಿಗೆ ಸೇರುತ್ತದೆ. ನಾನು ಮಾಡಿದ್ದು ಹೀಗೆ: ದಪ್ಪ ಕಂಬಳಿಯ ಮಡಿಕೆಯ ಮೇಲೆ ಎರಡೂ ಕೈ ಮುಷ್ಟಿ ಒಂದರ ಹಿಂದೆ ಒಂದು, ದು-ದುಪ್. ಮುಂಗಾಲು, ಆಮೇಲೆ ಹಿಂಗಾಲು. ಇದು ಹೆಡ್‌ಫೋನ್‌ನಲ್ಲಿ ಚೆನ್ನಾಗಿ ಕೇಳುತ್ತದೆ, ಫೋನ್ ಸ್ಪೀಕರ್‌ನಲ್ಲಿ ಮಾಯವಾಗುತ್ತದೆ, ಯಾಕೆಂದರೆ ಅಷ್ಟು ಪುಟ್ಟ ಸ್ಪೀಕರಿಗೆ ಇಂಥ ಆಳದ ಸದ್ದು ಎತ್ತಲು ಆಗುವುದಿಲ್ಲ. ಅದಕ್ಕೆ ಉಗುರಿನಿಂದ ನೆಲವನ್ನು ಮೆಲ್ಲಗೆ ಗೀರಿ ಅದೇ ಜಾಗಕ್ಕೆ ಸೇರಿಸಿ. ಬೆಕ್ಕಿನ ಉಗುರೂ ಆಯಿತು, ಫೋನ್‌ನಲ್ಲಿ ನೋಡುವವರಿಗೂ ಕೇಳಿತು.

5. ಬಟ್ಟೆ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹೆಜ್ಜೆ ಮತ್ತು ವಸ್ತುಗಳ ನಡುವೆ ಪಾತ್ರ ಇದ್ದಕ್ಕಿದ್ದಂತೆ ಇಲ್ಲವಾದ ಹಾಗೆ ಅನಿಸುವುದು ಇದರಿಂದಲೇ. ಹಳೆಯ ಹತ್ತಿ ಸೀರೆ ಅಥವಾ ಬೆಡ್‌ಶೀಟ್ ಎರಡು ಕೈಯಲ್ಲಿ ಹಿಡಿದು, ಮೈಕಿನಿಂದ ಒಂದು ಗೇಣು ದೂರದಲ್ಲಿ, ಚಿತ್ರದಲ್ಲಿ ಅಜ್ಜಿ ಅಲುಗಿದ ಹಾಗೆಲ್ಲ ಉಜ್ಜಿ. ಪೂರ್ತಿ 20 ಸೆಕೆಂಡ್, ನಿಲ್ಲಿಸದೆ. ಪಾಲಿಯೆಸ್ಟರ್ ಬೇಡ, ಕರಕರ ಅಂತ ರೈನ್‌ಕೋಟಿನ ಹಾಗೆ ಕೇಳುತ್ತದೆ. ಮಿಕ್ಸ್‌ನಲ್ಲಿ ಇದನ್ನು ಕೇಳಿಯೂ ಕೇಳದ ಮಟ್ಟಕ್ಕೆ ಇಳಿಸಿ.

6. ಚೊಂಬು

ನಿಜವಾದ ಹಿತ್ತಾಳೆ ಚೊಂಬು ತೆಗೆದುಕೊಳ್ಳಿ. ಸ್ಟೀಲ್ ಚೊಂಬಿನ ದನಿ ತೆಳು, ಬೇರೆಯೇ. ಚೊಂಬನ್ನು ಕೈಯಲ್ಲಿ ಹಿಡಿದು ಕುಟ್ಟಿದರೆ ದನಿ ಸತ್ತುಹೋಗುತ್ತದೆ, ಬೆರಳು ಆ ಕಂಪನವನ್ನು ನುಂಗುತ್ತದೆ. ಅದಕ್ಕೆ ಬೀಳಿಸಲೇಬೇಕು. ನೀರಿದ್ದರೂ ದನಿ ಮಂಕು, ನಮ್ಮ ಚೊಂಬು ಖಾಲಿ.

ಒಂದು ಸಲ ಬೀಳಿಸಿ, ಪೂರ್ತಿ ರೆಕಾರ್ಡ್ ಮಾಡಿ, ಎಳೆದು ಹಾಕಿದರೆ ಆಯಿತಲ್ವಾ? ಆಗುವುದಿಲ್ಲ. ಅನಿಮೇಟರ್ ಬರೆದ ಚೊಂಬು ಭೂಮಿಯ ನಿಯಮ ಕೇಳುವುದಿಲ್ಲ. ನಮ್ಮ ಶಾಟ್‌ನಲ್ಲಿ ಅದು ಮೊದಲು ನೆಲ ಮುಟ್ಟುವುದು 712ನೇ ಫ್ರೇಮಿನಲ್ಲಿ. ಆಮೇಲೆ 721, 727, 731ರಲ್ಲಿ ಪುಟಿಯುತ್ತದೆ. ಅಲ್ಲಿಂದ 860ರವರೆಗೆ ಉರುಳುತ್ತದೆ, ಕೊನೆಯ ಒಂದು ಸೆಕೆಂಡ್ ತೂಗಾಡಿ ನಿಲ್ಲುತ್ತದೆ. ನಿಮ್ಮ ಮನೆಯ ಚೊಂಬು ಇದೇ ಲೆಕ್ಕದಲ್ಲಿ ಪುಟಿಯುವ ಸಾಧ್ಯತೆ ಇಲ್ಲ.

ಹಾಗಾಗಿ ಮೂರು ತುಂಡು ಮಾಡಿ ರೆಕಾರ್ಡ್ ಮಾಡಿ. ಮೊದಲನೆಯದು ಪೆಟ್ಟು: ಮೊಣಕಾಲಿನ ಎತ್ತರದಿಂದ ಬೀಳಿಸಿ, ಇನ್ನೊಂದು ಸಲ ಗೇಣು ಎತ್ತರದಿಂದ, ಮತ್ತೊಂದು ಸಲ ನಾಲ್ಕು ಬೆರಳು ಎತ್ತರದಿಂದ. ಪ್ರತಿ ಸಲ ಮೊದಲ ಪೆಟ್ಟು ಬಿದ್ದ ತಕ್ಷಣ ಹಿಡಿಯಬೇಡಿ, ದನಿ ಸಾಯುವವರೆಗೆ ಬಿಡಿ. ಲೆವೆಲ್ ಇಲ್ಲಿ ಎಲ್ಲರೂ ಎಡವುವ ಜಾಗ. ಲೋಹದ ಪೆಟ್ಟಿನ ಮೊದಲ ಕ್ಷಣ ಎಷ್ಟು ಚೂಪು ಅಂದರೆ, ಹೆಜ್ಜೆಗೆ ಇಟ್ಟ ಲೆವೆಲ್‌ನಲ್ಲೇ ಬೀಳಿಸಿದರೆ ಮೀಟರ್ ಮೇಲಕ್ಕೆ ಬಡಿದು ಸದ್ದು ಹರಿದುಹೋಗುತ್ತದೆ. ತುಂಬ ಇಳಿಸಿ, ಮೈಕ್ ನಾಲ್ಕೈದು ಅಡಿ ದೂರ ಸರಿಸಿ. ಹರಿದಿದೆಯಾ ಅಂತ ತಿಳಿಯಲು ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ತುದಿ ಚಪ್ಪಟೆ ಆಗಿದ್ದರೆ ಮತ್ತೆ ಬೀಳಿಸಿ. ಆಮೇಲೆ ಸರಿ ಮಾಡೋಣ ಅಂದುಕೊಳ್ಳಬೇಡಿ.

ಎರಡನೆಯದು ಉರುಳು: ಚೊಂಬನ್ನು ಮಲಗಿಸಿ, ಅಂಗೈಯಿಂದ ಮೆಲ್ಲಗೆ ತಳ್ಳುತ್ತಾ ಹಿಂದೆ ಮುಂದೆ ಉರುಳಿಸಿ. ಶುರುವಿನಲ್ಲಿ ವೇಗ, ಬರುತ್ತಾ ನಿಧಾನ. ಚಿತ್ರ ನೋಡುತ್ತಾ ಮಾಡಿದರೆ ವೇಗ ತಾನಾಗೇ ಕೂಡುತ್ತದೆ. ಮೂರನೆಯದು ತೂಗಾಟ: ಚೊಂಬಿನ ಹೊಟ್ಟೆ ಗುಂಡಗಿರುವುದರಿಂದ ನಿಲ್ಲುವ ಮುಂಚೆ ಅತ್ತ ಇತ್ತ ಓಲಾಡುತ್ತದೆ. ಬೆರಳಿಂದ ಕಂಠವನ್ನು ಒಮ್ಮೆ ತಟ್ಟಿ ಬಿಟ್ಟರೆ ಆ ಸದ್ದು ಸಿಗುತ್ತದೆ.

ಈಗ ಕೂಡಿಸುವುದು. ದೊಡ್ಡ ಪೆಟ್ಟು 712ಕ್ಕೆ, ಸಣ್ಣವು 721, 727, 731ಕ್ಕೆ, ಒಂದಕ್ಕಿಂತ ಒಂದು ಮೆತ್ತಗೆ. 731ರ ದನಿ ಇನ್ನೂ ಉಳಿದಿರುವಾಗಲೇ ಅದರ ಕೆಳಗೆ ಉರುಳು ಶುರುವಾಗಲಿ. ಇಲ್ಲದಿದ್ದರೆ ಬಿದ್ದದ್ದು ಒಂದು ಚೊಂಬು, ಉರುಳಿದ್ದು ಇನ್ನೊಂದು ಅನಿಸುತ್ತದೆ. ನಾಲ್ಕು ಪೆಟ್ಟಿನ ದನಿಯೂ ಪೂರ್ತಿ ಉದ್ದ ಬಿಟ್ಟರೆ ದೇವಸ್ಥಾನದ ಗಂಟೆ ಆಗುತ್ತದೆ. ಹೊಸ ಪೆಟ್ಟು ಬಿದ್ದ ಕೂಡಲೇ ಹಿಂದಿನದರ ಬಾಲವನ್ನು ಇಳಿಸಿ. ನೆಲ ಮುಟ್ಟಿದಾಗ ನಿಜವಾದ ಚೊಂಬಿನ ದನಿಯೂ ಅಲ್ಲೇ ತಡೆದುಹೋಗುತ್ತದೆ.

7. ಫ್ರೇಮಿಗೆ ಕೂರಿಸುವುದು

24ರ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಪಾದ ನೆಲ ಮುಟ್ಟಿದ ಮೊದಲ ಫ್ರೇಮಿಗೆ ಸದ್ದಿನ ಮೊದಲ ಚೂಪು ಕೂರಬೇಕು. ಅಜ್ಜಿಯ ಹೆಜ್ಜೆಯಲ್ಲಿ ಕೂರಬೇಕಾದದ್ದು ತಪ್, ಸರ್ ಅಲ್ಲ. ಎಳೆತ ಅದಕ್ಕಿಂತ ಮುಂಚೆಯೇ ಬರುತ್ತದೆ. ಎರಡು ಫ್ರೇಮಿಗೆ ಒಂದು ಚಿತ್ರ ಬರೆದ ಅನಿಮೇಷನ್ ಆದರೆ ಮುಟ್ಟಿದ ಚಿತ್ರ ಎರಡು ಫ್ರೇಮ್ ನಿಂತಿರುತ್ತದೆ, ಅದರಲ್ಲಿ ಮೊದಲನೆಯದನ್ನು ತೆಗೆದುಕೊಳ್ಳಿ.

ಅನುಮಾನ ಇದ್ದರೆ ಒಂದು ಫ್ರೇಮ್ ತಡ ಮಾಡಿ, ಮುಂಚೆ ಮಾಡಬೇಡಿ. ಟಿವಿ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಅಳತೆಯ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನರಿಗೆ ಗೊತ್ತಾಗುತ್ತದೆ, ತಡವಾದರೆ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದೂರದ ಕಲ್ಲಿನ ಮೇಲೆ ಬಟ್ಟೆ ಒಗೆಯುವವರನ್ನು ನೋಡಿ, ಕೈ ಕೆಳಗೆ ಬಂದ ಮೇಲೇ ಸದ್ದು ಬರುವುದು. ತಡವಾದ ಸದ್ದು ನಮಗೆ ಅಭ್ಯಾಸ, ಮುಂಚೆ ಬರುವ ಸದ್ದು ಲೋಕದಲ್ಲೇ ಇಲ್ಲ.

ಪ್ರತಿ ತುಂಡಿನ ಶುರು ಮತ್ತು ಕೊನೆಯಲ್ಲಿ ಚಿಕ್ಕ ಫೇಡ್ ಕೊಡಿ. ರೆಕಾರ್ಡ್ ಮಾಡಿದ ತುಂಡಿನ ಹಿಂದೆ ನಿಮ್ಮ ಕೋಣೆಯ ಹಿಸ್ಸ್ ಇರುತ್ತದೆ. ಫೇಡ್ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಹಿಸ್ಸ್ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಮೊದಲು ಹಾಸಿದ ಆಂಬಿಯನ್ಸ್ ಉಳಿದದ್ದನ್ನು ಮುಚ್ಚುತ್ತದೆ.

8. ಮಿಕ್ಸ್

ಒಳಗಿನ ಎಲ್ಲ ಸದ್ದಿಗೂ, ಹೆಜ್ಜೆ, ಬಟ್ಟೆ, ಬೆಕ್ಕು, ಚೊಂಬು, ಒಂದೇ ರಿವರ್ಬ್ ಕೊಡಿ. ರಿವರ್ಬ್ ಅಂದರೆ ಗೋಡೆಗೆ ಬಡಿದು ಬರುವ ಗುಂಗು. ಅರ್ಧ ಸೆಕೆಂಡಿನ ಸಣ್ಣದು ಸಾಕು. ಒಂದೊಂದಕ್ಕೆ ಒಂದೊಂದು ರಿವರ್ಬ್ ಹಾಕಿದರೆ ಅಜ್ಜಿ ಒಂದು ಕೋಣೆಯಲ್ಲಿ, ಬೆಕ್ಕು ಇನ್ನೊಂದರಲ್ಲಿ ಇದ್ದ ಹಾಗಾಗುತ್ತದೆ. ಕ್ಲೋಸಪ್‌ನಲ್ಲಿ ಚೊಂಬಿಗೆ ರಿವರ್ಬ್ ಸ್ವಲ್ಪ ಕಮ್ಮಿ ಮಾಡಿ, ಆಗ ಅದು ಹತ್ತಿರ ಬರುತ್ತದೆ. ಹೊರಗಿನ ಶಾಟ್‌ಗೆ ರಿವರ್ಬ್ ಬೇಡ.

ಆಂಬಿಯನ್ಸ್ ಎಷ್ಟಿರಬೇಕು ಅನ್ನುವುದಕ್ಕೆ ನನ್ನ ಪರೀಕ್ಷೆ: ದೃಶ್ಯ ಓಡುತ್ತಿರುವಾಗ ಆ ಟ್ರ್ಯಾಕ್ ಮ್ಯೂಟ್ ಮಾಡಿ. ಏನೋ ಹೋಯಿತು ಅನಿಸಬೇಕು. ಆದರೆ ಮ್ಯೂಟ್ ಮಾಡುವ ಮುಂಚೆ ಅದರ ಕಡೆ ಗಮನ ಹೋಗಿರಬಾರದು. ಚೊಂಬು ಬೀಳುವ ಅರ್ಧ ಸೆಕೆಂಡ್ ಮುಂಚೆ ಕಪ್ಪೆಯನ್ನು ಸುಮ್ಮನಾಗಿಸಿ, ಬರೀ ಕೀಟ ಮಾತ್ರ ಇರಲಿ. ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಪೆಟ್ಟು ಇನ್ನೂ ದೊಡ್ಡದಾಗಿ ಕೇಳುತ್ತದೆ.

ಇಡೀ ದೃಶ್ಯವನ್ನು ಜೋರು ಮಾಡಬೇಕು ಅಂತ, ಜೋರಾದ ತುದಿಗಳನ್ನು ಒತ್ತಿ ಹಿಡಿಯುವ ಲಿಮಿಟರ್ ಹಾಕಿ ತಳ್ಳಬೇಡಿ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ತಾನೇ ಇಳಿಸುತ್ತದೆ (ಎಲ್‌ಯುಎಫ್‌ಎಸ್ ಅಂದರೆ ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ). ತಳ್ಳಿದರೆ ಆಗುವುದು ಇಷ್ಟೇ: ಕೀಟವೂ ಚೊಂಬೂ ಒಂದೇ ಎತ್ತರಕ್ಕೆ ಬರುತ್ತವೆ. ಈ ದೃಶ್ಯ ಮೆತ್ತಗೇ ಇರಲಿ, ಚೊಂಬಿನ ತುದಿ ಮಾತ್ರ ಮೀಟರ್‌ನಲ್ಲಿ ಮೈನಸ್ 3 ಡೆಸಿಬೆಲ್ ಹತ್ತಿರ ಹೋಗಲಿ.

ಕೊನೆಗೆ ಮೂರು ಕಡೆ ಕೇಳಿ: ಹೆಡ್‌ಫೋನ್, ಟಿವಿ, ಫೋನ್ ಸ್ಪೀಕರ್. ಆಮೇಲೆ 48 ಕಿಲೋಹರ್ಟ್ಸ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಬೀಪ್ ಮತ್ತು ಬಿಳಿ ಚುಕ್ಕೆ ಒಂದೇ ಫ್ರೇಮಿನಲ್ಲಿ ಇವೆಯಾ ನೋಡಿ. ಇದ್ದರೆ ಚಿತ್ರಕ್ಕೆ ಜೋಡಿಸಿ, ಅಪ್‌ಲೋಡ್ ಮಾಡುವ ಮುಂಚೆ ಆ ಎರಡು ಸೆಕೆಂಡ್ ಕತ್ತರಿಸಿ. ಬೀಪ್ ಸಮೇತ ಅಪ್‌ಲೋಡ್ ಆಗಿರುವ ಶಾರ್ಟ್ ಫಿಲಂ ನಾನು ಎಷ್ಟೋ ನೋಡಿದ್ದೇನೆ, ಅದರಲ್ಲಿ ಎರಡು ನನ್ನವೇ.